ಎರಡು ಕೀಲಿಕೈಯ ಬೀಗ

ಅರಿವಳಿಕೆ ಕೊಟ್ಟು ಮಲಗಿಸಿದ ಮೊಲ. ಅದರ ಮಿದುಳಿನೊಳಗೆ ಇಳಿದ ಎರಡು ಸಣ್ಣ ವಿದ್ಯುತ್ ತಂತಿಗಳು. ಒಂದು ತಂತಿ ನರತಂತುಗಳ ಕಟ್ಟೊಂದಕ್ಕೆ ಪುಟ್ಟ ವಿದ್ಯುತ್ ತಟ್ಟು ಕೊಡುತ್ತದೆ, ಆ ತಟ್ಟಿಗೆ ಮುಂದಿನ ನರಕೋಶಗಳು ಕೊಡುವ ಉತ್ತರವನ್ನು ಇನ್ನೊಂದು ತಂತಿ ಅಳೆಯುತ್ತದೆ. 1966ರಲ್ಲಿ ನಾರ್ವೆಯ ಓಸ್ಲೊ ನಗರದಲ್ಲಿ, ಪೆರ್ ಆಂಡರ್ಸನ್ ಅವರ ಪ್ರಯೋಗಾಲಯದಲ್ಲಿ, ಟೆರ್ಯೆ ಲೋಮೊ ಎಂಬ ಯುವ ಸಂಶೋಧಕ ಈ ಕೆಲಸದಲ್ಲಿ ತೊಡಗಿದ್ದರು. ಒಂದೇ ತಟ್ಟು ಕೊಟ್ಟಾಗ ಬರುವ ಉತ್ತರ ಪ್ರತಿಸಲವೂ ಹೆಚ್ಚುಕಡಿಮೆ ಒಂದೇ ಎತ್ತರದ ಅಲೆ. ಬೇಗಬೇಗನೆ ಹಲವು ತಟ್ಟು ಕೊಟ್ಟರೆ ಆ ಹೊತ್ತಿಗೆ ಉತ್ತರ ದೊಡ್ಡದಾಗುತ್ತದೆ. ಇದು ಆಗಲೇ ಗೊತ್ತಿದ್ದ ಸಂಗತಿ. ಲೋಮೊ ಅವರನ್ನು ಹಿಡಿದು ನಿಲ್ಲಿಸಿದ್ದು ಆಮೇಲೆ ನಡೆದದ್ದು. ವೇಗದ ತಟ್ಟುಗಳು ಮುಗಿದ ಮೇಲೂ, ಮತ್ತೆ ಮೊದಲಿನಂತೆ ಒಂದೊಂದೇ ತಟ್ಟು ಕೊಟ್ಟಾಗಲೂ, ಉತ್ತರ ಹಳೆಯ ಎತ್ತರಕ್ಕೆ ಇಳಿಯಲಿಲ್ಲ. ತಟ್ಟು ಅದೇ, ತಂತಿ ಅದೇ, ಉತ್ತರ ಮಾತ್ರ ದೊಡ್ಡದಾಗಿಯೇ ಉಳಿದಿತ್ತು.

1968ರಲ್ಲಿ ಇಂಗ್ಲೆಂಡಿನ ಟಿಮ್ ಬ್ಲಿಸ್ ಓಸ್ಲೊಗೆ ಬಂದು ಲೋಮೊ ಜೊತೆ ಸೇರಿದರು. ಇಬ್ಬರೂ ಇದನ್ನು ಜಾಗರೂಕವಾಗಿ ಮತ್ತೆ ಮಾಡಿ ನೋಡಿದರು. ಸೆಕೆಂಡಿಗೆ 100 ತಟ್ಟುಗಳಂತೆ ಮೂರ‍್ನಾಲ್ಕು ಸೆಕೆಂಡು, ಇಲ್ಲವೇ ಸೆಕೆಂಡಿಗೆ 10ರಿಂದ 20ರಂತೆ ಹತ್ತು ಹದಿನೈದು ಸೆಕೆಂಡು ಕೊಟ್ಟರು. 18 ಮೊಲಗಳಲ್ಲಿ 15ರಲ್ಲಿ ಉತ್ತರ ಹೆಚ್ಚಿತು, ಅರ್ಧ ಗಂಟೆಯಿಂದ ಹತ್ತು ಗಂಟೆಯವರೆಗೆ ಹೆಚ್ಚಾಗಿಯೇ ಉಳಿಯಿತು. 1973ರಲ್ಲಿ ಪ್ರಕಟವಾದ ಆ ಪ್ರಬಂಧದಿಂದ ಹುಟ್ಟಿದ ವಿಷಯಕ್ಕೆ ಇಂದು ‘ಲಾಂಗ್ ಟರ್ಮ್ ಪೊಟೆನ್ಶಿಯೇಶನ್’, ಚಿಕ್ಕದಾಗಿ ಎಲ್‌ಟಿಪಿ ಎಂದು ಹೆಸರು. ಕನ್ನಡದಲ್ಲಿ ದೀರ್ಘಕಾಲಿಕ ಬಲವರ್ಧನೆ ಎನ್ನಬಹುದು. ಕೆಲವೇ ಸೆಕೆಂಡುಗಳ ಅನುಭವ ಗಂಟೆಗಟ್ಟಲೆ ಗುರುತು ಉಳಿಸಿತು ಎನ್ನುವುದೇ ಅದರ ತಿರುಳು.

ಆ ತಂತಿಗಳು ಇದ್ದ ಜಾಗವೂ ಮುಖ್ಯ. ಅದು ಹಿಪೊಕ್ಯಾಂಪಸ್, ಅಂದರೆ ಕಿವಿಯ ಒಳಬದಿಗೆ ಮಿದುಳಿನ ಆಳದಲ್ಲಿ ಬಾಗಿ ಮಲಗಿರುವ ಭಾಗ. ಕಡಲಕುದುರೆಯ ಆಕಾರ ಕಂಡವರು ಇಟ್ಟ ಗ್ರೀಕ್ ಹೆಸರು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬುವರಿಗೆ ಅಪಸ್ಮಾರದ ಚಿಕಿತ್ಸೆಗಾಗಿ ಎರಡೂ ಬದಿಯ ಈ ಭಾಗದ ಬಹುಪಾಲನ್ನು ತೆಗೆದುಹಾಕಿದ್ದರು. ಆಮೇಲೆ ಅವರಿಗೆ ಹೊಸ ಸಂಗತಿ ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ಹಳೆಯ ಬಾಲ್ಯದ ನೆನಪುಗಳಿದ್ದವು, ಆದರೆ ಈಗ ತಾನೇ ಮಾತನಾಡಿ ಹೋದವರು ಮತ್ತೆ ಬಂದರೆ ಅಪರಿಚಿತರು. ಹೀಗಾಗಿ ಹಿಪೊಕ್ಯಾಂಪಸ್ಸಿನೊಳಗೆ ಗಂಟೆಗಟ್ಟಲೆ ಉಳಿಯುವ ಬದಲಾವಣೆ ಕಂಡಿತು ಎಂದಾಗ ಎಲ್ಲರ ಕಿವಿ ನೆಟ್ಟಗಾಯಿತು.

ಈಗ ಬದಲಾವಣೆ ನಡೆದ ನೆಲೆಗೆ ಹೋಗೋಣ. ಪಿಯುಸಿ ಜೀವಶಾಸ್ತ್ರದಲ್ಲಿ ಓದಿದ ಸಿನಾಪ್ಸ್ ನೆನಪಿರಬಹುದು. ಒಂದು ನರಕೋಶದ ತುದಿ, ಇನ್ನೊಂದರ ಮೈ, ಇವೆರಡರ ನಡುವೆ ಸುಮಾರು 20 ನ್ಯಾನೋಮೀಟರ್ ಸಂದು. ಈಚೆ ದಡದಿಂದ ರಾಸಾಯನಿಕ ಬಿಡುಗಡೆಯಾಗುತ್ತದೆ, ಆಚೆ ದಡದಲ್ಲಿ ಅದನ್ನು ಹಿಡಿಯುವ ರಿಸೆಪ್ಟರ್‌ಗಳಿರುತ್ತವೆ. ಹಿಪೊಕ್ಯಾಂಪಸ್ಸಿನ ಈ ದಾರಿಗಳಲ್ಲಿ ಆ ರಾಸಾಯನಿಕ ಗ್ಲುಟಮೇಟ್. ಪಠ್ಯಪುಸ್ತಕದ ಚಿತ್ರ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ: ಸಂದೇಶ ಬಂತು, ದಾಟಿತು, ಹೋಯಿತು. ಪ್ರತಿ ಸಿನಾಪ್ಸೂ ಒಂದೇ ಬಲದ್ದು ಎನ್ನುವ ಭಾವನೆ ಅದರಿಂದ ಬರುತ್ತದೆ. ನಿಜ ಹಾಗಿಲ್ಲ. ಕೆಲವು ಸಿನಾಪ್ಸ್‌ಗಳಲ್ಲಿ ಸಂದೇಶ ದಾಟಿದರೆ ಆಚೆ ಕೋಶ ಚೆನ್ನಾಗಿ ಅಲುಗುತ್ತದೆ, ಕೆಲವದರಲ್ಲಿ ಅಲುಗಿದ್ದೇ ಗೊತ್ತಾಗುವುದಿಲ್ಲ. ಈ ಬಲ ಹೆಚ್ಚುಕಡಿಮೆಯಾಗುವ ಗುಣವೇ ಕಲಿಕೆಗೆ ಆಧಾರ ಎಂಬುದು ವಾದ.

ಹಾಗಾದರೆ ಕಷ್ಟದ ಪ್ರಶ್ನೆ ಒಂದಿದೆ. ಒಂದು ನರಕೋಶದ ಮೈಮೇಲೆ ಸಾವಿರಾರು ಸಿನಾಪ್ಸ್‌ಗಳಿರುತ್ತವೆ. ಅವುಗಳಲ್ಲಿ ಯಾವುದು ಬಲಗೊಳ್ಳಬೇಕು, ಯಾವುದು ಬೇಡ ಎಂದು ತೀರ್ಮಾನಿಸುವವರು ಯಾರು? ಬಳಸಿದ್ದೆಲ್ಲ ಬಲಗೊಳ್ಳುತ್ತದೆ ಎಂದರೆ ಸ್ವಲ್ಪ ಕಾಲದಲ್ಲಿ ಎಲ್ಲವೂ ಒಂದೇ ಬಲದವಾಗಿ ಬಿಡುತ್ತವೆ, ಆಗ ನೆನಪು ಎಂಬುದಕ್ಕೆ ಅರ್ಥವೇ ಉಳಿಯದು. ಕೆನಡಾದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ 1949ರಲ್ಲೇ ಒಂದು ಉತ್ತರ ಊಹಿಸಿದ್ದರು. ಕಳಿಸುವ ಕೋಶ ಪಡೆಯುವ ಕೋಶವನ್ನು ಎಬ್ಬಿಸುವುದರಲ್ಲಿ ಮತ್ತೆ ಮತ್ತೆ ಪಾಲುಗೊಂಡರೆ ಮಾತ್ರ ಆ ನಡುವಿನ ಸಂಪರ್ಕ ಗಟ್ಟಿಯಾಗಬೇಕು ಎಂದರು. ಈಚೆಯದು ಒಂಟಿಯಾಗಿ ಕೂಗಿದರೆ ಸಾಲದು, ಆಚೆಯದೂ ಅದೇ ಹೊತ್ತಿಗೆ ಎಚ್ಚರವಾಗಿರಬೇಕು. ಆಗ ಅದಕ್ಕೆ ಪ್ರಯೋಗದ ಪುರಾವೆ ಇರಲಿಲ್ಲ. ಹೆಬ್ ಕೇಳಿದ್ದನ್ನು ಮಾಡಬಲ್ಲ ಯಂತ್ರ ಕೋಶದೊಳಗೆ ನಿಜವಾಗಿ ಇದೆಯೇ ಎಂಬುದು ತಿಳಿಯಲು ಮೂವತ್ತೈದು ವರ್ಷ ಬೇಕಾಯಿತು.

ಬ್ಯಾಂಕಿನ ಲಾಕರ್ ತೆಗೆದವರಿಗೆ ಆ ಯಂತ್ರ ಬೇಗ ಅರ್ಥವಾಗುತ್ತದೆ. ಖಾತೆದಾರರ ಕೀಲಿ ಒಂದು, ಬ್ಯಾಂಕಿನವರ ಕೀಲಿ ಇನ್ನೊಂದು. ಎರಡೂ ಬೀಳದೆ ಬಾಗಿಲು ತೆರೆಯದು. ಸಿನಾಪ್ಸಿನ ಆಚೆ ದಡದಲ್ಲಿ ಗ್ಲುಟಮೇಟ್ ಹಿಡಿಯುವ ಎರಡು ಬಗೆಯ ರಿಸೆಪ್ಟರ್‌ಗಳು ಅಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಒಂದು ಆಂಪಾ, ಇದು ಸಾದಾ ಬಾಗಿಲು. ಗ್ಲುಟಮೇಟ್ ಬಂದು ತಗುಲಿದರೆ ತೆರೆಯುತ್ತದೆ, ಸೋಡಿಯಂ ಅಯಾನುಗಳು ಒಳಗೆ ನುಗ್ಗುತ್ತವೆ. ದಿನನಿತ್ಯದ ಸಂದೇಶ ಸಾಗಾಟದ ಬಹುಪಾಲು ಇದರದೇ. ಇನ್ನೊಂದು ಎನ್‌ಎಂಡಿಎ ರಿಸೆಪ್ಟರ್, ಇದೇ ಲಾಕರ್. ಗ್ಲುಟಮೇಟ್ ಬಂದರೆ ಇದರ ಬಾಗಿಲೂ ತೆರೆಯುತ್ತದೆ, ಆದರೆ ಬಾಗಿಲ ಹಿಂದಿನ ಓಣಿಯಲ್ಲಿ ಮೆಗ್ನೀಸಿಯಂ ಅಯಾನು ಒಂದು ಬಿರಡೆಯಂತೆ ಸಿಕ್ಕಿಕೊಂಡಿರುತ್ತದೆ. ಹೊರಗಿನಿಂದ ಏನೂ ಒಳಗೆ ಹೋಗಲಾಗದು. 1984ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಈ ಬಿರಡೆಯನ್ನು ಪತ್ತೆ ಮಾಡಿದವು.

ಮೆಗ್ನೀಸಿಯಂ ಅಲ್ಲಿ ಏಕೆ ಅಂಟಿಕೊಂಡಿರುತ್ತದೆ? ವಿಶ್ರಾಂತಿಯಲ್ಲಿರುವ ನರಕೋಶದ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣ ವಿದ್ಯುತ್ತು. ಮೆಗ್ನೀಸಿಯಂ ಧನ ಅಯಾನು, ಎರಡು ಘಟಕದ ಧನ. ಋಣದ ಸೆಳೆತಕ್ಕೆ ಅದು ಓಣಿಯೊಳಗೆ ಎಳೆಯಲ್ಪಟ್ಟು ನಡುವೆ ಸಿಕ್ಕಿಕೊಳ್ಳುತ್ತದೆ. ಕೋಶದ ಒಳಗಿನ ಋಣ ಕಡಿಮೆಯಾದರೆ, ಅಂದರೆ ಕೋಶ ಚೆನ್ನಾಗಿ ಉದ್ರೇಕಗೊಂಡರೆ, ಸೆಳೆತ ತಗ್ಗಿ ಬಿರಡೆ ಹೊರಗೆ ಬೀಳುತ್ತದೆ. ಗ್ಲುಟಮೇಟ್ ಮೊದಲ ಕೀಲಿ: ಈಚೆ ಕೋಶ ಕೂಗಿತು ಎಂಬುದರ ಗುರುತು. ಕೋಶದ ಉದ್ರೇಕ ಎರಡನೆಯ ಕೀಲಿ: ಆಚೆ ಕೋಶ ಎಚ್ಚರವಾಗಿದೆ ಎಂಬುದರ ಗುರುತು. ಎರಡೂ ಒಟ್ಟಿಗೆ ಬಿದ್ದಾಗ ಓಣಿ ತೆರೆದು ಕ್ಯಾಲ್ಸಿಯಂ ಒಳಗೆ ಹರಿಯುತ್ತದೆ. ಹೆಬ್ ಬಯಸಿದ ತೀರ್ಮಾನಗಾರ ಒಂದು ಪ್ರೋಟೀನ್ ಅಣು.

ಓಸ್ಲೊದ ವೇಗದ ತಟ್ಟುಗಳನ್ನು ಈಗ ಮತ್ತೆ ನೋಡಿದರೆ ಅವು ಮಾಡಿದ್ದೇನೆಂದು ತಿಳಿಯುತ್ತದೆ. ಒಂದೇ ತಟ್ಟು ಬಂದಾಗ ಆಂಪಾ ಬಾಗಿಲುಗಳು ತೆರೆದು ಕೋಶದ ವಿದ್ಯುತ್ತು ಕೊಂಚ ಮೇಲೇರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಇಳಿಯುತ್ತದೆ. ಬಿರಡೆ ಅಲುಗುವಷ್ಟು ಏರಿಕೆ ಅದಲ್ಲ. ಸೆಕೆಂಡಿಗೆ 100 ತಟ್ಟು ಎಂದರೆ ಎರಡು ತಟ್ಟುಗಳ ನಡುವೆ 10 ಮಿಲಿಸೆಕೆಂಡು ಮಾತ್ರ. ಮೊದಲಿನ ಏರಿಕೆ ಇಳಿದು ಮುಗಿಯುವ ಮೊದಲೇ ಮುಂದಿನದು ಬಂದು ಅದರ ಮೇಲೆ ಕೂರುತ್ತದೆ. ಉಯ್ಯಾಲೆ ಹಿಂದಕ್ಕೆ ಬರುವ ಮುನ್ನವೇ ತಳ್ಳಿದಂತಲ್ಲ, ತೊಟ್ಟಿಕ್ಕುವ ನಲ್ಲಿಯ ಕೆಳಗಿನ ಸೋರುವ ಲೋಟದಂತೆ: ತೊಟ್ಟು ನಿಧಾನವಾದರೆ ಲೋಟ ಖಾಲಿಯಾಗುತ್ತಲೇ ಇರುತ್ತದೆ, ತೊಟ್ಟು ಬಿರುಸಾದರೆ ನೀರು ಏರುತ್ತದೆ. ಏರಿದ ವಿದ್ಯುತ್ತು ಮೆಗ್ನೀಸಿಯಂ ಅನ್ನು ಹೊರಗೆ ತಳ್ಳುತ್ತದೆ. ಗ್ಲುಟಮೇಟ್ ಆಗಲೇ ಅಲ್ಲಿದೆ. ಎರಡು ಕೀಲಿಯೂ ಬಿದ್ದಿತು.

ಒಳಗೆ ಬರುವ ಕ್ಯಾಲ್ಸಿಯಂ ಎಷ್ಟು ದೊಡ್ಡ ಸುದ್ದಿ ಎಂಬುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಬಹುದು. ಇಂಥ ಸಿನಾಪ್ಸ್ ಇರುವುದು ಡೆಂಡ್ರೈಟಿನ ಮೈಯಿಂದ ಗುಂಡುಸೂಜಿಯ ತಲೆಯಂತೆ ಹೊರಚಾಚಿದ ಮುಳ್ಳಿನ ಮೇಲೆ. ಆ ತಲೆಯ ಗಾತ್ರ ಸುಮಾರು 0.1 ಫೆಮ್ಟೊಲೀಟರ್, ಅಂದರೆ ಒಂದು ಲೀಟರಿನ ಹತ್ತು ಸಾವಿರ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲು. ವಿಶ್ರಾಂತಿಯಲ್ಲಿ ಅದರೊಳಗಿನ ಬಿಡಿ ಕ್ಯಾಲ್ಸಿಯಂ ಸಾಂದ್ರತೆ ಸುಮಾರು 100 ನ್ಯಾನೋಮೋಲಾರ್. ಈ ಎರಡನ್ನು ಗುಣಿಸಿ, ಅವೊಗಾಡ್ರೊ ಸಂಖ್ಯೆಯಿಂದ ಮತ್ತೆ ಗುಣಿಸಿದರೆ ಬರುವುದು 6. ಅಷ್ಟೇ: ಆ ಇಡೀ ಕೋಣೆಯಲ್ಲಿ ಸರಾಸರಿ ಆರು ಬಿಡಿ ಕ್ಯಾಲ್ಸಿಯಂ ಅಯಾನುಗಳು. ಹೊರಗಿನ ದ್ರವದಲ್ಲಿ ಸಾಂದ್ರತೆ ಇದರ ಹತ್ತು ಸಾವಿರ ಪಟ್ಟಿನ ಆಸುಪಾಸು. ಆರೇ ಜನ ಕುಳಿತ ಕೋಣೆಯ ಬಾಗಿಲು ತೆರೆದು ಜಾತ್ರೆಯ ಜನ ನುಗ್ಗಿದರೆ ಏನಾಗುತ್ತದೋ ಅದೇ ಇಲ್ಲೂ ಆಗುವುದು. ಸೋಡಿಯಂ ಒಳಗೆ ಬಂದರೆ ವಿದ್ಯುತ್ತು ಬದಲಾಗುತ್ತದೆ, ಅಷ್ಟೆ. ಕ್ಯಾಲ್ಸಿಯಂ ಬಂದರೆ ಕೋಶದ ರಸಾಯನವೇ ಬದಲಾಗುತ್ತದೆ.

ನುಗ್ಗಿದ ಕ್ಯಾಲ್ಸಿಯಂ ಮೊದಲು ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನಿಗೆ ಅಂಟುತ್ತದೆ. ಆ ಜೋಡಿ ಹೋಗಿ ಕ್ಯಾಮ್‌ಕೆ-2 ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಹನ್ನೆರಡು ಭಾಗಗಳು ಸೇರಿ ಆದ ದೊಡ್ಡ ಕಿಣ್ವ ಇದು, ಆರಾರರ ಎರಡು ಉಂಗುರಗಳಂತೆ. ಎಚ್ಚತ್ತ ಭಾಗ ತನ್ನ ಪಕ್ಕದ ಭಾಗಕ್ಕೆ ಫಾಸ್ಫೇಟಿನ ಮುದ್ರೆ ಒತ್ತುತ್ತದೆ. ಮುದ್ರೆ ಬಿದ್ದ ಭಾಗಕ್ಕೆ ಎಚ್ಚರವಾಗಿರಲು ಇನ್ನು ಕ್ಯಾಲ್ಸಿಯಂ ಬೇಡ. ಕ್ಯಾಲ್ಸಿಯಂ ಬಂದದ್ದು ಅರೆಗಳಿಗೆ, ಆದರೆ ಅದರ ಸುದ್ದಿ ಅದು ಹೋದ ಮೇಲೂ ಉಳಿಯುವುದು ಹೀಗೆ.

ಕಿಣ್ವದ ಕೆಲಸದ ಫಲ ಆಂಪಾ ಬಾಗಿಲುಗಳ ಮೇಲೆ ಕಾಣುತ್ತದೆ. ಪೊರೆಯಲ್ಲಿ ಅತ್ತಿತ್ತ ತೇಲಾಡುತ್ತಿದ್ದ ಆಂಪಾ ರಿಸೆಪ್ಟರ್‌ಗಳು ಸಿನಾಪ್ಸಿನ ಎದುರಿಗೆ ಬಂದು ನಿಲ್ಲುತ್ತವೆ, ಕೋಶದೊಳಗಿನ ದಾಸ್ತಾನಿನಿಂದ ಹೊಸವೂ ಮೇಲೆ ಬರುತ್ತವೆ, ಇರುವವು ಮುಂಚಿಗಿಂತ ಹೆಚ್ಚು ಅಯಾನು ಬಿಡುತ್ತವೆ. ಮುಂದಿನ ಸಲ ಅಷ್ಟೇ ಗ್ಲುಟಮೇಟ್ ಬಂದರೂ ಹೆಚ್ಚು ಬಾಗಿಲು ತೆರೆಯುತ್ತವೆ. ಲೋಮೊ ಅವರ ಪರದೆಯ ಮೇಲೆ ಎತ್ತರವಾಗಿಯೇ ಉಳಿದ ಅಲೆಯ ಹಿಂದೆ ಇಂಥದ್ದೇ ಬದಲಾವಣೆ ಇತ್ತು. 1995ರಲ್ಲಿ ಇನ್ನೊಂದು ವಿಚಿತ್ರವೂ ತಿಳಿಯಿತು. ಕೆಲವು ಸಿನಾಪ್ಸ್‌ಗಳಲ್ಲಿ ಎನ್‌ಎಂಡಿಎ ಮಾತ್ರ ಇರುತ್ತದೆ, ಕೆಲಸ ಮಾಡುವ ಆಂಪಾ ಒಂದೂ ಇರುವುದಿಲ್ಲ. ಅವು ಮೂಕ ಸಿನಾಪ್ಸ್‌ಗಳು: ಸಂದೇಶ ಬಂದರೂ ವಿಶ್ರಾಂತಿಯಲ್ಲಿರುವ ಕೋಶಕ್ಕೆ ಕೇಳಿಸದು. ಎಲ್‌ಟಿಪಿ ಆದ ಮೇಲೆ ಅವುಗಳಿಗೂ ಆಂಪಾ ಬಂದು ದನಿ ಮೂಡುತ್ತದೆ. ಇದಾಗಲು ನಿಮಿಷಗಳು ಸಾಕು. ಮುಳ್ಳಿನ ತಲೆಯೂ ಊದಿಕೊಳ್ಳುತ್ತದೆ, ಇದನ್ನು ಸೂಕ್ಷ್ಮದರ್ಶಕದ ಕೆಳಗೆ ಜೀವಂತವಾಗಿ ನೋಡಿದ್ದಾರೆ. ಬದಲಾವಣೆ ಗಂಟೆಗಳನ್ನು ದಾಟಿ ದಿನಗಟ್ಟಲೆ ಉಳಿಯಬೇಕಾದರೆ ಮಾತ್ರ ಇಷ್ಟು ಸಾಲದು, ಕೋಶ ಹೊಸ ಪ್ರೋಟೀನ್ ತಯಾರಿಸಬೇಕು. ಪ್ರೋಟೀನ್ ತಯಾರಿ ತಡೆಯುವ ಔಷಧಿ ಹಾಕಿದರೆ ಎಲ್‌ಟಿಪಿ ಶುರುವಾಗುತ್ತದೆ, ಆದರೆ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ.

ಎರಡು ಕೀಲಿಯ ಏರ್ಪಾಡಿನಿಂದ ಇನ್ನೂ ಎರಡು ಗುಣಗಳು ತಾನಾಗಿ ಬರುತ್ತವೆ. ಉದ್ರೇಕಗೊಂಡ ಕೋಶದಲ್ಲಿ ಗ್ಲುಟಮೇಟ್ ಬೀಳದ ಸಿನಾಪ್ಸ್‌ಗಳಿಗೆ ಎರಡನೆಯ ಕೀಲಿ ಸಿಕ್ಕರೂ ಮೊದಲನೆಯದು ಇಲ್ಲ, ಆದ್ದರಿಂದ ಅವು ಬಲಗೊಳ್ಳುವುದಿಲ್ಲ. ಪಕ್ಕದ ಮನೆಯ ಹಬ್ಬ ತನ್ನ ಮನೆಗೆ ಬಾರದು. ಇನ್ನೊಂದು ಗುಣ ಇನ್ನೂ ಸ್ವಾರಸ್ಯದ್ದು. ಒಂದು ದುರ್ಬಲ ದಾರಿ ತಾನೊಂದೇ ಕೂಗಿದರೆ ಬಿರಡೆ ಕೀಳುವ ಶಕ್ತಿ ಅದಕ್ಕಿಲ್ಲ. ಅದೇ ಹೊತ್ತಿಗೆ ಅದೇ ಕೋಶಕ್ಕೆ ಬೇರೊಂದು ಪ್ರಬಲ ದಾರಿಯಿಂದ ಜೋರು ಸಂದೇಶ ಬಂದರೆ, ಪ್ರಬಲದ ಉದ್ರೇಕ ದುರ್ಬಲದ ಬಿರಡೆಯನ್ನೂ ಕೀಳುತ್ತದೆ. ದುರ್ಬಲ ದಾರಿಯೂ ಬಲಗೊಳ್ಳುತ್ತದೆ. ಗಂಟೆಯ ಸದ್ದಿಗೂ ಊಟಕ್ಕೂ ನಾಯಿಯ ಮನಸ್ಸಿನಲ್ಲಿ ನಂಟು ಬೆಳೆದ ಪಾವ್ಲೊವ್ ಪ್ರಯೋಗ ನೆನಪಿಸಿಕೊಂಡರೆ, ಒಂದು ಸಂಗತಿ ಇನ್ನೊಂದಕ್ಕೆ ಅಂಟಿಕೊಳ್ಳುವ ಬಗೆಗೆ ಕೋಶದ ಮಟ್ಟದ ಮಾದರಿ ಇಲ್ಲಿ ಸಿಗುತ್ತದೆ.

ಇದೆಲ್ಲ ಬೀಗದ ಕಥೆಯಾಯಿತು. ನಿಜವಾಗಿ ಆ ಬೀಗವೇ ಕಾರಣ ಎಂದು ತೋರಿಸಲು ಬೀಗಕ್ಕೆ ಅಂಟು ಹಾಕಿ ನೋಡಬೇಕು. ಆ ಅಂಟಿನ ಹೆಸರು ಎಪಿವಿ, ಎನ್‌ಎಂಡಿಎಗೆ ಗ್ಲುಟಮೇಟ್ ತಗುಲದಂತೆ ತಡೆಯುವ ರಾಸಾಯನಿಕ. ಗ್ರಹಾಂ ಕಾಲಿಂಗ್ರಿಡ್ಜ್ ಮತ್ತು ಜೊತೆಗಾರರು 1983ರಲ್ಲಿ ಇಲಿಯ ಹಿಪೊಕ್ಯಾಂಪಸ್ಸಿನ ತೆಳು ಹೋಳುಗಳಲ್ಲಿ ಇದನ್ನು ಹಾಕಿದರು. ಸಾಮಾನ್ಯ ಸಂದೇಶ ಸಾಗಾಟಕ್ಕೆ ತೊಂದರೆಯಾಗಲಿಲ್ಲ, ಎಲ್‌ಟಿಪಿ ಮಾತ್ರ ಆಗಲಿಲ್ಲ. ಔಷಧಿ ತೊಳೆದು ಮತ್ತೆ ಪ್ರಯತ್ನಿಸಿದಾಗ ಆಯಿತು. 1986ರಲ್ಲಿ ರಿಚರ್ಡ್ ಮಾರಿಸ್ ಮತ್ತು ಸಂಗಡಿಗರು ಅದನ್ನೇ ಈಜುವ ಇಲಿಗಳಲ್ಲಿ ನೋಡಿದರು. ಕಲಕಿದ ನೀರಿನ ಕೊಳದಲ್ಲಿ ಕಾಣದಂತೆ ಮುಳುಗಿಸಿದ ಒಂದು ಕಟ್ಟೆ. ಸುತ್ತಲಿನ ಗುರುತುಗಳನ್ನು ನೋಡಿ ಅದರ ಜಾಗ ಕಲಿತರೆ ಇಲಿ ಬೇಗ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಎಪಿವಿ ಪಡೆದ ಇಲಿಗಳು ಈಜಿದವು, ಆದರೆ ಜಾಗ ಕಲಿಯುವುದರಲ್ಲಿ ಹಿಂದೆ ಬಿದ್ದವು.

ಆದರೆ ಇಂಥ ಪ್ರಯೋಗಗಳಲ್ಲಿ ಮೋಸ ಹೋಗುವುದು ಸುಲಭ, ಅದನ್ನು ವಿದ್ಯಾರ್ಥಿ ತಿಳಿದಿರಬೇಕು. ಹೋಳಿನ ಪ್ರಯೋಗ ಮಾಡುವಾಗ ಮೊದಲು ಅರ್ಧ ನಿಮಿಷಕ್ಕೊಂದು ತಟ್ಟು ಕೊಟ್ಟು ಇಪ್ಪತ್ತು ನಿಮಿಷವಾದರೂ ಉತ್ತರ ನೋಡುತ್ತಾರೆ. ಆ ಗೆರೆ ಸಮವಾಗಿ ನಿಂತ ಮೇಲೆಯೇ ವೇಗದ ತಟ್ಟು. ಗೆರೆ ಆಗಲೇ ಏರುತ್ತಿದ್ದರೆ ಆಮೇಲಿನ ಏರಿಕೆಗೆ ಬೆಲೆಯಿಲ್ಲ. ತಟ್ಟಿದ ಕೂಡಲೇ ಉತ್ತರ ಬಹಳ ಮೇಲೆ ಹೋಗುವುದನ್ನು ಕಂಡು ಹೊಸಬರು ಸಂತೋಷಪಡುತ್ತಾರೆ, ಆದರೆ ಆ ಮೊದಲ ಜಿಗಿತದ ಬಹುಪಾಲು ಕೆಲವು ನಿಮಿಷಗಳಲ್ಲಿ ಇಳಿದುಹೋಗುವಂಥದ್ದು. ಅದು ಬೇರೆ ವಿದ್ಯಮಾನ. ಒಂದು ಗಂಟೆಯ ನಂತರ ಉಳಿದದ್ದೇ ಲೆಕ್ಕ. ಜೊತೆಗೆ ಅದೇ ಹೋಳಿನಲ್ಲಿ ವೇಗದ ತಟ್ಟು ಕೊಡದ ಎರಡನೆಯ ದಾರಿಯನ್ನೂ ಅಳೆಯಬೇಕು. ಅದೂ ಏರಿದ್ದರೆ ಏನೋ ಕೆಟ್ಟಿದೆ ಎಂದರ್ಥ: ತಂತಿ ಸರಿದಿರಬಹುದು, ಹೋಳಿನ ಸ್ಥಿತಿ ಬದಲಾಗಿರಬಹುದು.

ಈ ಎಚ್ಚರಿಕೆಗೆ ಓಸ್ಲೊದಲ್ಲೇ ಒಂದು ದೊಡ್ಡ ಉದಾಹರಣೆ ಸಿಕ್ಕಿತು. ಇಲಿಗಳು ಹೊಸ ಜಾಗ ಸುತ್ತಿ ಕಲಿಯುವಾಗ ಹಿಪೊಕ್ಯಾಂಪಸ್ಸಿನ ಉತ್ತರ ಬದಲಾಗುತ್ತದೆ ಎಂದು ಕೆಲವರು ವರದಿ ಮಾಡಿದ್ದರು. ಕಲಿಕೆಯ ಸಮಯದಲ್ಲೇ ಎಲ್‌ಟಿಪಿ ಕಂಡಿತು ಎಂಬ ಹುರುಪು ಹಬ್ಬಿತ್ತು. 1993ರಲ್ಲಿ ಆಂಡರ್ಸನ್ ಪ್ರಯೋಗಾಲಯದ ಎಡ್ವರ್ಡ್ ಮೋಸರ್ ಮತ್ತು ಜೊತೆಗಾರರು ಇಲಿಗಳ ಮಿದುಳಿನ ತಾಪಮಾನವನ್ನೂ ಅಳೆದರು. ಇಲಿ ಓಡಾಡಿದರೆ ಮಿದುಳು ಬಿಸಿಯಾಗುತ್ತದೆ, ತಣ್ಣೀರಿನಲ್ಲಿ ಈಜಿದರೆ ತಂಪಾಗುತ್ತದೆ, ಉತ್ತರದ ಅಲೆ ಆ ಏರಿಳಿತವನ್ನೇ ಹಿಂಬಾಲಿಸುತ್ತದೆ. ಕಲಿಕೆ ಎಂದುಕೊಂಡಿದ್ದರಲ್ಲಿ ದೊಡ್ಡ ಪಾಲು ಮೈಯ ಕಾವು. ಮುಂದೆ 2014ರಲ್ಲಿ ನೊಬೆಲ್ ಪಡೆದ ಮೋಸರ್ ಇವರೇ, ಬೇರೆ ಕೆಲಸಕ್ಕಾಗಿ. ತನ್ನದೇ ಪ್ರಯೋಗಾಲಯಕ್ಕೆ ಹೆಸರು ತಂದ ವಿಷಯವನ್ನು ಇಷ್ಟು ಕಟುವಾಗಿ ಪರೀಕ್ಷಿಸಿದ ಈ ಕೆಲಸ ಈ ಕ್ಷೇತ್ರದ ಒಳ್ಳೆಯ ಕೆಲಸಗಳಲ್ಲಿ ಒಂದು.

ಕಾಣುವುದು ಏಕೆ ಅಷ್ಟು ಕಷ್ಟವೆಂದರೆ, ಒಂದು ಸಂಗತಿ ಕಲಿತಾಗ ಬದಲಾಗುವ ಸಿನಾಪ್ಸ್‌ಗಳು ಕೆಲವೇ, ಹರಡಿಕೊಂಡಿರುವಂಥವು. 2006ರಲ್ಲಿ ಅಮೆರಿಕದ ಎಂಐಟಿಯ ಮಾರ್ಕ್ ಬೇರ್ ತಂಡ ಇಲಿಯ ಹಿಪೊಕ್ಯಾಂಪಸ್ಸಿನಲ್ಲಿ ಹಲವು ತಂತಿಗಳನ್ನು ಒಟ್ಟಿಗೆ ಇಳಿಸಿತು. ಕತ್ತಲ ಕೋಣೆಗೆ ಕಾಲಿಟ್ಟರೆ ಆಘಾತ ಎಂಬ ಪಾಠವನ್ನು ಇಲಿ ಒಂದೇ ಸಲಕ್ಕೆ ಕಲಿತ ಮೇಲೆ ಕೆಲವು ತಂತಿಗಳಲ್ಲಿ ಮಾತ್ರ ಉತ್ತರ ಹೆಚ್ಚಿತ್ತು. ಒಂದೇ ತಂತಿ ಇದ್ದಿದ್ದರೆ ಅದು ತಪ್ಪಿಹೋಗುತ್ತಿತ್ತೋ ಏನೋ. 2014ರಲ್ಲಿ ಸ್ಯಾನ್ ಡಿಯೇಗೊದ ರೊಬರ್ಟೊ ಮಾಲಿನೊವ್ ತಂಡ ಇನ್ನೂ ಮುಂದೆ ಹೋಯಿತು. ಭಯದ ಕೇಂದ್ರವಾದ ಅಮಿಗ್ಡಲಕ್ಕೆ ಹೋಗುವ ತಂತುಗಳು ಬೆಳಕಿಗೆ ಸ್ಪಂದಿಸುವಂತೆ ಇಲಿಗಳನ್ನು ಮಾರ್ಪಡಿಸಿದರು. ಆ ಬೆಳಕಿನ ಜೊತೆ ಕಾಲಿಗೆ ಆಘಾತ ಕೊಟ್ಟಾಗ, ಬೆಳಕು ಬಂದರೇ ಸಾಕು ಹೆದರುವುದನ್ನು ಇಲಿ ಕಲಿಯಿತು. ಬಳಿಕ ಅದೇ ತಂತುಗಳಿಗೆ ಸೆಕೆಂಡಿಗೆ ಒಂದರಂತೆ ನಿಧಾನದ ಮಿಡಿತ ಕೊಟ್ಟರು. ನಿಧಾನದ ಮಿಡಿತ ಸಿನಾಪ್ಸನ್ನು ಬಲಗುಂದಿಸುತ್ತದೆ, ಎಲ್‌ಟಿಪಿಯ ತಿರುವುಮುರುವು. ಇಲಿಯ ಭಯ ಹೋಯಿತು. ಸೆಕೆಂಡಿಗೆ 100ರ ಮಿಡಿತ ಕೊಟ್ಟಾಗ ಭಯ ಮರಳಿತು. ಎಲ್‌ಟಿಪಿ ಮತ್ತು ನೆನಪಿನ ನಂಟಿಗೆ ಇದಕ್ಕಿಂತ ನೇರವಾದ ಪುರಾವೆ ಕಡಿಮೆ.

ಹಾಗೆಂದು ಎಲ್‌ಟಿಪಿಯೇ ನೆನಪು ಎಂದು ಬರೆದುಬಿಡುವುದು ಅವಸರ. 1995ರಲ್ಲಿ ಎರಡು ತಂಡಗಳು ಮಾರಿಸ್ ಅವರ ಕೊಳದ ಪ್ರಯೋಗವನ್ನೇ ಬದಲಿಸಿ ನೋಡಿದವು. ಕೊಳದಲ್ಲಿ ಈಜಿ ಮೊದಲೇ ರೂಢಿಯಾಗಿದ್ದ ಇಲಿಗಳು, ಎನ್‌ಎಂಡಿಎ ತಡೆದರೂ, ಕಟ್ಟೆಯ ಹೊಸ ಜಾಗ ಕಲಿತವು. ಅಂದರೆ ಮೊದಲ ಪ್ರಯೋಗದ ಸೋಲಿನಲ್ಲಿ ಜಾಗದ ನೆನಪಿನ ಜೊತೆ ಬೇರೆ ಕಷ್ಟವೂ ಬೆರೆತಿತ್ತು. ಹಿಪೊಕ್ಯಾಂಪಸ್ಸಿನಲ್ಲೇ ಎನ್‌ಎಂಡಿಎ ಬೇಡದ, ಈಚೆ ದಡದಲ್ಲಿ ಗ್ಲುಟಮೇಟ್ ಹೆಚ್ಚು ಬಿಡುಗಡೆಯಾಗುವುದರಿಂದಲೇ ನಡೆಯುವ ಇನ್ನೊಂದು ಬಗೆಯ ಎಲ್‌ಟಿಪಿಯೂ ಇದೆ. ಪರೀಕ್ಷೆಯಲ್ಲಿ ಬರೆಯುವಾಗ ‘ಎನ್‌ಎಂಡಿಎ ಅವಲಂಬಿತ ಎಲ್‌ಟಿಪಿ’ ಎಂದು ಸ್ಪಷ್ಟವಾಗಿ ಹೇಳಬೇಕಾದದ್ದು ಅದಕ್ಕೇ.

ಮೆಗ್ನೀಸಿಯಂ ಕೂರುವ ಅದೇ ಓಣಿಗೆ ಇನ್ನೊಂದು ಬಿರಡೆಯೂ ಇದೆ, ಅದು ನಮ್ಮ ಆಸ್ಪತ್ರೆಗಳಲ್ಲಿ ದಿನವೂ ಬಳಕೆಯಲ್ಲಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಕೊಡುವ ಕೆಟಮಿನ್ ಎಂಬ ಅರಿವಳಿಕೆ ಎನ್‌ಎಂಡಿಎ ಓಣಿಯೊಳಗೆ ಹೋಗಿ ಕೂರುತ್ತದೆ, ಕೋಶ ಉದ್ರೇಕಗೊಂಡರೂ ಮೆಗ್ನೀಸಿಯಂನಂತೆ ಥಟ್ಟನೆ ಜಾಗ ಬಿಡುವುದಿಲ್ಲ. ಅದನ್ನು ಪಡೆದವರಿಗೆ ಆ ಹೊತ್ತಿನಲ್ಲಿ ನಡೆದದ್ದು ಹೆಚ್ಚಾಗಿ ನೆನಪಿರುವುದಿಲ್ಲ.